ವಾರ ವಾರ ಮೇಲ್ ಹೋಗುತ್ತದೆ, ಆದರೂ ಕ್ಲೈಂಟ್‌ಗೆ ‘ನಿಮ್ಮವರು ಸಿಗುವುದಿಲ್ಲ’ ಅನ್ನಿಸುವುದೇಕೆ?

ಪ್ರಶ್ನೆ: ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಸರ್ವೀಸಸ್ ಕಂಪನಿಯಲ್ಲಿ ಪ್ರಾಜೆಕ್ಟ್ ಲೀಡ್. ಕ್ಲೈಂಟ್ ಶಿಕಾಗೋದವರು. ನಮ್ಮ ಟೀಮ್ ಮಧ್ಯಾಹ್ನ 12:30ರಿಂದ ರಾತ್ರಿ 9:30ರವರೆಗೆ ಇರುತ್ತದೆ. ಪ್ರತಿ ಸೋಮವಾರ ಅವರಿಗೆ ನನ್ನ ಕಡೆಯಿಂದ ಒಂದು ಮೇಲ್ ಹೋಗುತ್ತದೆ: ನಮ್ಮ ವೇಳೆ ಇಷ್ಟು, ದಿನಕ್ಕೆ ಮೂರು ಗಂಟೆ ಓವರ್‌ಲ್ಯಾಪ್, ನಾಲ್ಕು ಬಿಸಿನೆಸ್ ಗಂಟೆಯೊಳಗೆ ಉತ್ತರ ಅಂತ. ಬಹಳ ದಿನದಿಂದ ಅದೇ ಟೆಂಪ್ಲೇಟ್. ಚಳಿಗಾಲ ಬಂತೆಂದರೆ ಎಸ್ಕಲೇಶನ್ ಶುರು. ‘ನಿಮ್ಮವರು ಸಿಗುವುದೇ ಇಲ್ಲ’ ಅನ್ನುತ್ತಾರೆ. ನಮ್ಮ ಟಿಕೆಟ್ ರಿಪೋರ್ಟ್ ನೋಡಿದರೆ ಎಲ್ಲಾ ಹಸಿರು. ಮ್ಯಾನೇಜರ್ ‘ಮೇಲ್ ನಿಲ್ಲಿಸಬೇಡಿ, ಅದೇ ನಮ್ಮ ಪ್ರೂಫ್’ ಅನ್ನುತ್ತಾರೆ. ಹುಡುಗರು ರಾತ್ರಿ 12ರವರೆಗೆ ಕೂರುತ್ತಿದ್ದಾರೆ. ಮೇಲ್ ನಿಲ್ಲಿಸಲೇ? ಶಿಫ್ಟ್ ಬದಲಿಸಲೇ? (ಹೆಸರು ಬೇಡ, ಬೆಂಗಳೂರು)

ಉತ್ತರ: ನಿಮ್ಮ ಟೆಂಪ್ಲೇಟ್‌ನಲ್ಲಿರುವ ‘ಮೂರು ಗಂಟೆ’ ವರ್ಷಪೂರ್ತಿ ನಿಜವಲ್ಲ. ತೊಂದರೆ ಶುರುವಾಗುವುದು ಅಲ್ಲಿಂದ.

ನಮ್ಮ ಗಡಿಯಾರ ವರ್ಷವಿಡೀ ಒಂದೇ. ಶಿಕಾಗೋದ್ದು ಹಾಗಲ್ಲ. ಮಾರ್ಚ್‌ನ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಒಂದು ಗಂಟೆ ಹಿಂದಕ್ಕೆ. 2026ರಲ್ಲಿ ಆ ಎರಡು ದಿನ ಮಾರ್ಚ್ 8 ಮತ್ತು ನವೆಂಬರ್ 1. ಬೇಸಿಗೆಯಲ್ಲಿ ನಮಗೂ ಅವರಿಗೂ ಹತ್ತೂವರೆ ಗಂಟೆ ವ್ಯತ್ಯಾಸ. ಅವರು ಬೆಳಿಗ್ಗೆ 8ಕ್ಕೆ ಬಂದು ಕೂತಾಗ ಇಲ್ಲಿ ಸಂಜೆ 6:30. ನೀವು ರಾತ್ರಿ 9:30ಕ್ಕೆ ಕೆಲಸ ಮುಗಿಸಿ ಏಳುವಾಗ ಅಲ್ಲಿ ಬೆಳಿಗ್ಗೆ 11. ಅಲ್ಲಿಗೆ ಮೂರು ಗಂಟೆ ಸರಿಹೋಯಿತು. ಚಳಿಗಾಲದಲ್ಲಿ ವ್ಯತ್ಯಾಸ ಹನ್ನೊಂದೂವರೆ ಗಂಟೆ. ಆಗ ಅವರ 8 ಗಂಟೆ ಅಂದರೆ ನಮ್ಮ 7:30. ನೀವು ಏಳುವಾಗ ಅಲ್ಲಿ ಇನ್ನೂ ಬೆಳಿಗ್ಗೆ 10. ಸಿಗುವುದು ಎರಡೇ ಗಂಟೆ. ಅದರಲ್ಲೂ ಮೊದಲ ಅರ್ಧ ಗಂಟೆ ಅವರು ತಮ್ಮ ರಾತ್ರಿಯ ಮೇಲ್‌ಗಳನ್ನು ನೋಡುತ್ತಿರುತ್ತಾರೆ. ಮಿಕ್ಕಿದ ಒಂದೂವರೆ ಗಂಟೆಯಲ್ಲಿ ನಿಮ್ಮ ದಿನದ ಕಾಲ್ ಕೂಡ ಇರುತ್ತದೆ. ಅಂದರೆ ಅವರ ಮೂರನೇ ಒಂದು ಭಾಗ ಸಮಯ ಕಡಿಮೆಯಾಗಿದೆ, ನಿಮ್ಮ ಮೇಲ್ ಮಾತ್ರ ಏನೂ ಬದಲಾಗಿಲ್ಲ ಅನ್ನುತ್ತಿದೆ. ಎಸ್ಕಲೇಶನ್ ಚಳಿಗಾಲದಲ್ಲೇ ಯಾಕೆ ಬರುತ್ತದೆ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಜೊತೆಗೆ ಕ್ಯಾಲೆಂಡರ್ ಕೂಡ ಒಮ್ಮೆ ತೆರೆದು ನೋಡಿ. ದಿನದ ಕಾಲ್‌ನ ಇನ್ವೈಟ್ ಯಾವ ಟೈಮ್‌ಝೋನ್‌ನಲ್ಲಿ ಮಾಡಿದ್ದು? `Asia/Kolkata` ಅಂತ ಇಟ್ಟು ಸಂಜೆ 7ಕ್ಕೆ ಮಾಡಿದ್ದರೆ, ಬೇಸಿಗೆಯಲ್ಲಿ ಅವರಿಗೆ 8:30ಕ್ಕೆ ಇದ್ದ ಕಾಲ್ ಚಳಿಗಾಲದಲ್ಲಿ 7:30ಕ್ಕೆ ಜರುಗುತ್ತದೆ. ಅವರು ಆಗಿನ್ನೂ ಆಫೀಸಿಗೆ ಬಂದಿರುವುದಿಲ್ಲ. `America/Chicago` ಅಂತ ಇಟ್ಟಿದ್ದರೆ ಅವರಿಗೆ 8:30ಕ್ಕೇ ಉಳಿದು, ನಿಮಗೆ ರಾತ್ರಿ 8ಕ್ಕೆ ಸರಿಯುತ್ತದೆ. ಎರಡನೆಯದೇ ಒಳ್ಳೆಯದು. ಯಾರಿಗೆ ಗಡಿಯಾರ ಬದಲಾಗುತ್ತದೋ ಅವರ ಝೋನ್‌ನಲ್ಲೇ ಇನ್ವೈಟ್ ಇರಬೇಕು. ಆಗ ಅವರ ದಿನಚರಿ ಕೆಡುವುದಿಲ್ಲ, ಬದಲಾವಣೆ ನಿಮಗೂ ಕ್ಯಾಲೆಂಡರ್‌ನಲ್ಲೇ ಕಾಣುತ್ತದೆ.

ಈಗ ಆ ಹಸಿರು ರಿಪೋರ್ಟ್ ವಿಷಯ. ‘ನಾಲ್ಕು ಬಿಸಿನೆಸ್ ಗಂಟೆ’ ಅಂದಿರಿ. ಯಾರ ಬಿಸಿನೆಸ್ ಗಂಟೆ? ಇದನ್ನು ನಿಮ್ಮ ಮೇಲ್ ಹೇಳುವುದಿಲ್ಲ. ನೀವು ನಿಮ್ಮದು ಅಂದುಕೊಂಡಿದ್ದೀರಿ, ಅವರು ಅವರದು ಅಂದುಕೊಂಡಿದ್ದಾರೆ. ಎರಡೂ ಕಡೆ ಯಾರೂ ಸುಳ್ಳು ಹೇಳುತ್ತಿಲ್ಲ.

ಡಿಸೆಂಬರ್‌ನ ಒಂದು ಶುಕ್ರವಾರ ಅಂದುಕೊಳ್ಳಿ. ಶಿಕಾಗೋದಲ್ಲಿ ಬೆಳಿಗ್ಗೆ 9:45ಕ್ಕೆ ಒಂದು ಟಿಕೆಟ್ ಬಂತು. ಇಲ್ಲಿ ರಾತ್ರಿ 9:15. ನಿಮ್ಮ ಶಿಫ್ಟ್‌ನಲ್ಲಿ ಉಳಿದಿರುವುದು 15 ನಿಮಿಷ. ಟೂಲ್ ಆ 15 ನಿಮಿಷ ಎಣಿಸಿ ಗಡಿಯಾರ ನಿಲ್ಲಿಸುತ್ತದೆ. ಸೋಮವಾರ ಮಧ್ಯಾಹ್ನ 12:30ಕ್ಕೆ ಮತ್ತೆ ಶುರು ಮಾಡುತ್ತದೆ. ಉಳಿದ ಮೂರು ಮುಕ್ಕಾಲು ಗಂಟೆ ಮುಗಿಯುವುದು ಸೋಮವಾರ ಸಂಜೆ 4:15ಕ್ಕೆ. ನೀವು 4 ಗಂಟೆಗೆ ಉತ್ತರಿಸಿದರೆ ರಿಪೋರ್ಟ್‌ನಲ್ಲಿ ಹಸಿರು. ಅವರ ಲೆಕ್ಕದಲ್ಲಿ ಉತ್ತರ ಬರಬೇಕಿದ್ದದ್ದು ಅದೇ ಶುಕ್ರವಾರ ಮಧ್ಯಾಹ್ನ 1:45ಕ್ಕೆ. ಆ ವ್ಯಕ್ತಿ ಶುಕ್ರವಾರ ಇಡೀ ದಿನ ಕಾದು, ಕೆಲಸ ಹಾಗೆಯೇ ಬಿಟ್ಟು ಮನೆಗೆ ಹೋಗಿದ್ದಾರೆ. ಸೋಮವಾರದ ಮೀಟಿಂಗ್‌ನಲ್ಲಿ ನೀವು ‘ನೂರಕ್ಕೆ ನೂರು ಎಸ್‌ಎಲ್‌ಎ’ ಅಂದರೆ ಅವರಿಗೆ ಹೇಗನ್ನಿಸುತ್ತದೆ ಹೇಳಿ.

ನೀವು ಜಿರಾ ಸರ್ವೀಸ್ ಮ್ಯಾನೇಜ್‌ಮೆಂಟ್‌ನಂಥ ಟೂಲ್ ಬಳಸುತ್ತಿದ್ದರೆ, ಎಸ್‌ಎಲ್‌ಎಗೆ ಒಂದು ಕ್ಯಾಲೆಂಡರ್ ಜೋಡಿಸಿರುತ್ತಾರೆ. ಅದರಲ್ಲಿ ಕೆಲಸದ ಗಂಟೆ, ಟೈಮ್‌ಝೋನ್, ರಜಾದಿನ ಮೂರೂ ಇರುತ್ತವೆ. ಅಡ್ಮಿನ್ ಹತ್ತಿರ ಅದನ್ನು ತೆರೆಸಿ ನೋಡಿ. ಪ್ರಾಜೆಕ್ಟ್ ಶುರುವಾದಾಗ ಯಾರೋ ಇಟ್ಟ ಸೆಟ್ಟಿಂಗ್ ಹಾಗೇ ಉಳಿದಿರುವುದು ತುಂಬಾ ಸಾಮಾನ್ಯ.

ಎಲ್ಲಾ ಮೇಲ್‌ಗಳೂ ಹೀಗೆ ಸಿಕ್ಕಿಕೊಳ್ಳುವುದಿಲ್ಲ ಅನ್ನುವುದನ್ನೂ ಗಮನಿಸಿ. ಮಂಗಳವಾರ ಅವರ ಮಧ್ಯಾಹ್ನ 2ಕ್ಕೆ ಬಂದ ಮೇಲ್‌ಗೆ ನೀವು ಬುಧವಾರ ಸಂಜೆ 4:30ರೊಳಗೆ ಉತ್ತರಿಸಿದರೆ ಅವರಿಗೆ ಅದು ಬುಧವಾರ ಬೆಳಗಿನ ಜಾವ 5ಕ್ಕೇ ತಲುಪಿರುತ್ತದೆ. ಆಫೀಸಿಗೆ ಬರುವಷ್ಟರಲ್ಲಿ ಉತ್ತರ ಸಿದ್ಧ. ಇದರಲ್ಲಿ ಅವರಿಗೆ ಒಂದು ನಿಮಿಷವೂ ಹಾಳಾಗಿಲ್ಲ. ಕೆಡುವುದು ಅವರ ಬೆಳಿಗ್ಗೆ 9:30ರಿಂದ ಮಧ್ಯಾಹ್ನದೊಳಗೆ ಬರುವ ಮೇಲ್‌ಗಳು. ಅವು ನಿಮ್ಮ ಕೈಗೆ ಸಿಗುವ ಹೊತ್ತಿಗೆ ನೀವು ಮನೆಗೆ ಹೊರಟಿರುತ್ತೀರಿ, ಅವರ ಮುಂದೆ ಇಡೀ ದಿನ ಇರುತ್ತದೆ. ಮರುದಿನ ನೀವು ಉತ್ತರದ ಬದಲು ‘ಯಾವ ಎನ್ವಿರಾನ್‌ಮೆಂಟ್‌ನಲ್ಲಿ ಬರುತ್ತಿದೆ?’ ಅಂತ ಇನ್ನೊಂದು ಪ್ರಶ್ನೆ ಕಳಿಸಿದರೆ ಮತ್ತೊಂದು ದಿನ ಹೋಯಿತು. ನಾನು ಇಂಥ ದೂರುಗಳನ್ನು ಬಿಡಿಸಿ ನೋಡಿದಾಗೆಲ್ಲ ಕಂಡದ್ದು ಇದೇ. ಮೊದಲ ಉತ್ತರ ತಡವಾದದ್ದಕ್ಕಿಂತ, ಪ್ರಶ್ನೆಗೆ ಮರುಪ್ರಶ್ನೆ ಹೋದದ್ದರಿಂದ ಜಾಸ್ತಿ ದಿನ ಕಳೆದಿರುತ್ತದೆ.

ಇನ್ನು ನಿಮ್ಮ ಮ್ಯಾನೇಜರ್ ಹೇಳುವ ‘ಪ್ರೂಫ್’. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಈ ಮೇಲ್ ಆ ಕೆಲಸ ಮಾಡುವುದಿಲ್ಲ. ಕೆಲಸದ ವೇಳೆ, ಉತ್ತರದ ಅವಧಿ ಇವೆಲ್ಲ ಎಸ್‌ಒಡಬ್ಲ್ಯುನಲ್ಲೋ ಅದಕ್ಕೆ ಜೋಡಿಸಿದ ಎಸ್‌ಎಲ್‌ಎ ಪುಟದಲ್ಲೋ ಇರಬೇಕಾದ ಮಾತು. ಸಾಮಾನ್ಯವಾಗಿ ಇಂಥ ಒಪ್ಪಂದಗಳಲ್ಲಿ ‘ಎರಡೂ ಕಡೆಯವರು ಸಹಿ ಮಾಡದೆ ಬದಲಾವಣೆ ಇಲ್ಲ’ ಅನ್ನುವ ಒಂದು ಕಲಮು ಇರುತ್ತದೆ. ಹಾಗಿದ್ದರೆ ನೀವು ಒಂದು ಕಡೆಯಿಂದ ಎಷ್ಟು ಸಲ ಕಳಿಸಿದರೂ ಅದು ಒಪ್ಪಂದವಾಗುವುದಿಲ್ಲ. ಅವರು ಸುಮ್ನಿದ್ದರು ಅಂದರೆ ಒಪ್ಪಿದರು ಅಂತಲೂ ಅಲ್ಲ. ನಿಮ್ಮ ಒಪ್ಪಂದದಲ್ಲಿ ಏನಿದೆ ಅಂತ ಲೀಗಲ್ ಅಥವಾ ಅಕೌಂಟ್ ಮ್ಯಾನೇಜರ್ ಹತ್ತಿರ ಕೇಳಿ ಓದಿ. ಇನ್ನೂ ಮುಖ್ಯವಾದ ಮಾತು: ಡಿಸೆಂಬರ್‌ನಲ್ಲೂ ‘ಮೂರು ಗಂಟೆ’ ಅಂತ ವಾರ ವಾರ ಬರೆದು, ಕೊಟ್ಟದ್ದು ಎರಡು ಗಂಟೆ. ಜಗಳ ಬಂದರೆ ಆ ಮೇಲ್‌ಗಳು ಅವರ ಕೈಯಲ್ಲೇ ಪ್ರೂಫ್. ಮ್ಯಾನೇಜರ್‌ಗೆ ಈ ಒಂದು ಮಾತು ಹೇಳಿ ಸಾಕು.

ಇನ್ನೊಂದು ನಂಬಿಕೆ ನಿಮ್ಮ ಹುಡುಗರದ್ದು. ರಾತ್ರಿ ಕೂತು ಉತ್ತರಿಸಿದರೆ ಕ್ಲೈಂಟ್ ಖುಷಿಯಾಗಿ ದೂರು ಕಡಿಮೆಯಾಗುತ್ತದೆ ಅಂತ. ಆಗುವುದು ತಿರುಗುಮುರುಗು. ಸೋಮವಾರದ ಮೇಲ್ ‘9:30ಕ್ಕೆ ಮುಗಿಯುತ್ತದೆ’ ಅನ್ನುತ್ತದೆ. ಬುಧವಾರ 11:40ಕ್ಕೆ ಉತ್ತರ ಬರುತ್ತದೆ. ಶಿಕಾಗೋದಲ್ಲಿ ಕೂತವರು ನಂಬುವುದು ಎರಡನೆಯದನ್ನು. ಮರುದಿನ ಅದೇ ಹೊತ್ತಿಗೆ ಉತ್ತರ ಬರದಿದ್ದರೆ ಅವರಿಗೆ ಅದು ತಡ. ಅಂದರೆ ನಿಮ್ಮ ಹುಡುಗರ ನಿದ್ದೆಗೆಟ್ಟ ದುಡಿಮೆಯೇ ಮುಂದಿನ ದೂರಿಗೆ ಅಳತೆಗೋಲಾಗುತ್ತದೆ. ಮನಸ್ಸಿಗೆ ನೋವಾಗುವ ವಿಷಯ ಇದು. ಮಧ್ಯಾಹ್ನ 12:30ಕ್ಕೆ ಬಂದವರು ರಾತ್ರಿ 12ರವರೆಗೆ ಕೂತರೆ ಹನ್ನೊಂದೂವರೆ ಗಂಟೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಸಾಮಾನ್ಯ ಕೆಲಸಕ್ಕೆ ಇಟ್ಟ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಎಚ್‌ಆರ್‌ಗೆ ಇದು ಗೊತ್ತಿರಬೇಕು. ಶಿಫ್ಟ್ ಬದಲಿಸುವ ಮಾತು ಬಂದಾಗ ಅವರನ್ನು ಮೊದಲ ದಿನದಿಂದಲೇ ಜೊತೆಗಿಟ್ಟುಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಮೇಲ್ ಮುಟ್ಟುವ ಮೊದಲು ಎರಡು ವಾರದ ಟಿಕೆಟ್ ಮತ್ತು ಮೇಲ್‌ಗಳನ್ನು ಒಂದು ಶೀಟ್‌ಗೆ ಹಾಕಿ. ಬಂದ ಸಮಯ, ಮೊದಲ ಉತ್ತರ ಹೋದ ಸಮಯ, ಕೆಲಸಕ್ಕೆ ಬರುವ ಉತ್ತರ ಹೋದ ಸಮಯ. ಮೂರೂ ಶಿಕಾಗೋ ಸಮಯದಲ್ಲಿರಲಿ. ಕೊನೆಯ ಕಾಲಂನಲ್ಲಿ, ಆ ಕ್ಲೈಂಟ್ ತಮ್ಮ ಆಫೀಸಿನ ಎಷ್ಟು ಗಂಟೆ ಕಾದರು ಅಂತ ಬರೆಯಿರಿ. ರಾತ್ರಿ, ಶನಿವಾರ, ಭಾನುವಾರ ಬಿಡಿ. ಶುಕ್ರವಾರದ ಆ ಟಿಕೆಟ್‌ಗೆ ಇಲ್ಲಿ ಏಳು ಕಾಲು ಗಂಟೆ ಬರುತ್ತದೆ, ಅವರ ದಿನ ಸಂಜೆ 5ಕ್ಕೆ ಮುಗಿಯುವುದಾದರೆ. ಮಂಗಳವಾರ ಮಧ್ಯಾಹ್ನದ ಮೇಲ್‌ಗೆ ಮೂರು ಗಂಟೆ. ಆದರೆ ಆ ಮೂರು ಗಂಟೆ ಯಾರಿಗೂ ಚುಚ್ಚುವುದಿಲ್ಲ, ಯಾಕೆಂದರೆ ಭಾರತದಲ್ಲಿ ನಡುರಾತ್ರಿ ಅಂತ ಅವರಿಗೂ ಗೊತ್ತು. ಹೀಗೆ ಸಾಲು ಸಾಲಾಗಿ ನೋಡಿದರೆ ಯಾವ ಹೊತ್ತಿನ ಮೇಲ್‌ಗಳು ಸಿಕ್ಕಿಬೀಳುತ್ತಿವೆ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಅವರ 10ರಿಂದ 12ರ ನಡುವೆಯೇ ಜಾಸ್ತಿ ಇದ್ದರೆ ಶಿಫ್ಟ್ ಬದಲಾವಣೆಗೆ ಅರ್ಥವಿದೆ. ಇಡೀ ಟೀಮನ್ನು ಚಳಿಗಾಲದಲ್ಲಿ 1:30ರಿಂದ 10:30ಕ್ಕೆ ಸರಿಸಬಹುದು. ಮೂರು ಗಂಟೆ ವಾಪಸ್ ಸಿಗುತ್ತದೆ. ಆದರೆ ಎಲ್ಲರೂ ರಾತ್ರಿ ಹನ್ನೊಂದೂವರೆಗೆ ಮನೆ ಸೇರುತ್ತಾರೆ. ಕ್ಯಾಬ್, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು, ಹೆಣ್ಣುಮಕ್ಕಳ ಸುರಕ್ಷತೆ, ಎಲ್ಲವನ್ನೂ ಕಂಪನಿ ನೋಡಬೇಕಾಗುತ್ತದೆ. ಚಳಿಗಾಲ ಮುಗಿಯುವಷ್ಟರಲ್ಲಿ ಒಬ್ಬಿಬ್ಬರು ಬೇರೆ ಪ್ರಾಜೆಕ್ಟ್ ಕೇಳುವ ಸಾಧ್ಯತೆ ಇದ್ದೇ ಇದೆ. ನನ್ನ ಒಲವು ಸರದಿಯ ಕಡೆಗೆ. ವಾರಕ್ಕೆ ಇಬ್ಬರು ಮಾತ್ರ ಒಂದೂವರೆ ಗಂಟೆ ತಡವಾಗಿ ಬಂದು 11ರವರೆಗೆ ಇರಲಿ, ಮುಂದಿನ ವಾರ ಬೇರೆ ಇಬ್ಬರು. ಇದರ ಅಪಾಯ ಏನೆಂದರೆ, ಆ ಇಬ್ಬರಿಗೆ ಎಲ್ಲಾ ಮಾಡ್ಯೂಲ್ ಗೊತ್ತಿರುವುದಿಲ್ಲ. ಕ್ಲೈಂಟ್ ಪೇಮೆಂಟ್ ಬಗ್ಗೆ ಕೇಳುತ್ತಾರೆ, ಪೇಮೆಂಟ್ ಬರೆದವರು ಮನೆಗೆ ಹೋಗಿರುತ್ತಾರೆ. ಆಗ ಸರದಿಯವರು ಅವರಿಗೆ ಫೋನ್ ಮಾಡಲು ಶುರು ಮಾಡಿದರೆ ಕಥೆ ಮುಗಿಯಿತು. ಎಲ್ಲರೂ ಮತ್ತೆ ರಾತ್ರಿ 12ರವರೆಗೆ ಎಚ್ಚರ. ಸರದಿಯವರ ಕೆಲಸ ಬಗೆಹರಿಸುವುದಲ್ಲ. ಬೇಕಾದ ಮಾಹಿತಿಯೆಲ್ಲ ಕ್ಲೈಂಟ್ ಎಚ್ಚರವಿದ್ದಾಗಲೇ ಕೇಳಿ ಪಡೆದು, ಯಾರು ಯಾವಾಗ ಉತ್ತರಿಸುತ್ತಾರೆ ಅಂತ ತಿಳಿಸುವುದು. ಯಾವ ಎನ್ವಿರಾನ್‌ಮೆಂಟ್, ಯಾವ ಯೂಸರ್, ಲಾಗ್ ಎಲ್ಲಿ, ಎಷ್ಟು ಸಲ ಬಂತು. ಇವನ್ನು ಅಂದೇ ಕೇಳಿಬಿಟ್ಟರೆ ಮರುಪ್ರಶ್ನೆಯ ಒಂದು ದಿನ ಉಳಿಯುತ್ತದೆ. ಪ್ರೊಡಕ್ಷನ್ ಬಿದ್ದಾಗ ಎಬ್ಬಿಸುವುದು ಬೇರೆಯದೇ ವಿಷಯ. ಅದಕ್ಕೆ ಆನ್‌ಕಾಲ್ ಅಂತ ಬೇರೆ ಸಾಲು, ಬೇರೆ ದರ ಎಸ್‌ಒಡಬ್ಲ್ಯುನಲ್ಲಿ ಇರಬೇಕು. ಸಾಮಾನ್ಯ ಟಿಕೆಟ್‌ನ ಎಸ್‌ಎಲ್‌ಎ ಒಳಗೆ ಅದನ್ನು ತುರುಕಬೇಡಿ.

ಶೀಟ್‌ನಲ್ಲಿ ಮರುಪ್ರಶ್ನೆಗಳೇ ಜಾಸ್ತಿ ಕಂಡರೆ ಶಿಫ್ಟ್ ಮುಟ್ಟಲೇಬೇಡಿ. ಬರೆಯುವ ರೀತಿ ಬದಲಿಸಿ. ನಿಮ್ಮ ಹುಡುಗರು ಕೇಳುವುದು ಹೀಗಿರುತ್ತದೆ: ‘ಡಿಸ್ಕೌಂಟ್ ಟ್ಯಾಕ್ಸ್‌ಗೆ ಮೊದಲಾ, ನಂತರವಾ? ದಯವಿಟ್ಟು ತಿಳಿಸಿ.’ ಇದಕ್ಕೆ ಉತ್ತರ ಬರುವವರೆಗೆ ಕೆಲಸ ನಿಂತಿರುತ್ತದೆ. ಅದರ ಬದಲು: ‘ಡಿಸ್ಕೌಂಟ್ ಟ್ಯಾಕ್ಸ್‌ಗೆ ಮೊದಲು ಅಂದುಕೊಂಡು ಮುಂದುವರಿಯುತ್ತಿದ್ದೇವೆ, ಹಳೆಯ ಇನ್‌ವಾಯ್ಸ್‌ಗಳಲ್ಲಿ ಹಾಗೇ ಇದೆ. ಬೇರೆ ಬೇಕಿದ್ದರೆ ಇಂದು ನಿಮ್ಮ ಸಂಜೆ 5ರೊಳಗೆ ತಿಳಿಸಿ. ಬದಲಿಸಲು ಅರ್ಧ ದಿನ ಸಾಕು.’ ಅವರು ಉತ್ತರಿಸಲಿ ಬಿಡಲಿ, ನಿಮ್ಮ ಮರುದಿನ ಹಾಳಾಗುವುದಿಲ್ಲ. ಆದರೆ ಇದನ್ನು ಹಿಂದಕ್ಕೆ ತೆಗೆದುಕೊಳ್ಳಬಹುದಾದ ಕೆಲಸಕ್ಕೆ ಮಾತ್ರ ಬಳಸಿ. ಡೇಟಾ ಅಳಿಸುವುದು, ಪ್ರೊಡಕ್ಷನ್‌ಗೆ ಹಾಕುವುದು, ಬಿಲ್ ಬದಲಾಗುವಂಥದ್ದು ಬಂದಾಗ ‘ನೀವು ಹೇಳಲಿಲ್ಲ, ಹಾಗಾಗಿ ಮಾಡಿದೆವು’ ಅನ್ನುವಂತಿಲ್ಲ. ಅಲ್ಲಿ ಕಾಯಲೇಬೇಕು.

‘ನೋಟೆಡ್, ವಿಲ್ ಚೆಕ್’ ಅಂತ ಕಳಿಸುವ ಮೊದಲ ಉತ್ತರವನ್ನೂ ಬಿಡಿಸಿ. ಅದು ಟೂಲ್‌ನ ಗಡಿಯಾರವನ್ನು ನಿಲ್ಲಿಸುತ್ತದೆ, ಕ್ಲೈಂಟ್‌ನ ಗಡಿಯಾರವನ್ನಲ್ಲ. ಯಾರು ನೋಡುತ್ತಿದ್ದಾರೆ, ಮುಂದಿನ ಸುದ್ದಿ ಶಿಕಾಗೋದ ಎಷ್ಟು ಗಂಟೆಗೆ ಅನ್ನುವ ಎರಡು ವಿಷಯ ಅದರಲ್ಲಿ ಇರಲಿ.

ಈಗ ಆ ಸೋಮವಾರದ ಮೇಲ್. ವಾರ ವಾರ ಕಳಿಸುವುದನ್ನು ನಿಲ್ಲಿಸಿ. ಅಪಾರ್ಟ್‌ಮೆಂಟ್ ಲಿಫ್ಟ್‌ನಲ್ಲಿ ವರ್ಷಗಟ್ಟಲೆ ಅಂಟಿಸಿದ ನೋಟಿಸ್‌ನಂತೆ ಅದು, ಯಾರ ಕಣ್ಣಿಗೂ ಬೀಳುವುದಿಲ್ಲ. ಕೆಟ್ಟದ್ದೇನೆಂದರೆ, ನಿಜವಾಗಿ ಏನೋ ಬದಲಾದ ವಾರವೂ ಅವರು ಅದನ್ನು ಓದದೆ ಆರ್ಕೈವ್ ಮಾಡಿರುತ್ತಾರೆ. ಬದಲಾವಣೆ ಇದ್ದಾಗ ಮಾತ್ರ ಕಳಿಸಿ. ಎರಡು ಸಲ ಗಡಿಯಾರ ಬದಲಾಗುವ ಮೊದಲು, ನಮ್ಮ ರಜೆಗಳಿಗೆ ಮುಂಚೆ, ಸರದಿಯಲ್ಲಿ ಇರುವವರು ಬದಲಾದಾಗ. ವಾರದ ಸ್ಟೇಟಸ್ ರಿಪೋರ್ಟ್ ಹೇಗೂ ಹೋಗುತ್ತದಲ್ಲ, ಅದರ ಮೇಲ್ಭಾಗದಲ್ಲಿ ‘ಈ ವಾರ ನಾವು ನಿಮಗೆ ಸಿಗುವುದು ಶಿಕಾಗೋ ಸಮಯ ಇಷ್ಟರಿಂದ ಇಷ್ಟು’ ಅನ್ನುವ ಒಂದೇ ಸಾಲು ಸಾಕು.

ಗಡಿಯಾರ ಬದಲಾಗುವ ಮೇಲ್ ಎರಡು ವಾರ ಮುಂಚೆ ಹೋಗಲಿ. ವಿಷಯದ ಸಾಲಿನಲ್ಲೇ ಪೂರ್ತಿ ಸುದ್ದಿ ಇರಲಿ: ನವೆಂಬರ್ 2ರಿಂದ ನಾವು ಬೆಳಿಗ್ಗೆ 8ರಿಂದ 11ರ ಬದಲು 8ರಿಂದ 10ರವರೆಗೆ ಸಿಗುತ್ತೇವೆ, ಶಿಕಾಗೋ ಸಮಯ. ಒಳಗೆ ಮೊದಲ ಸಾಲು, ಯಾಕೆ: ನಿಮ್ಮ ಗಡಿಯಾರ 1ರಂದು ಹಿಂದಕ್ಕೆ ಹೋಗುತ್ತದೆ, ನಮ್ಮದು ಹೋಗುವುದಿಲ್ಲ. ಎರಡನೆಯದು, 10ರಿಂದ 11:30ರವರೆಗೆ ಸರದಿಯಲ್ಲಿ ಇಬ್ಬರು ಇರುತ್ತಾರೆ, ಅವರು ಮಾಹಿತಿ ಪಡೆದು ದಾರಿ ಹೇಳುತ್ತಾರೆ, ಪೂರ್ತಿ ಪರಿಹಾರ ಮರುದಿನ. ಮೂರನೆಯದು, ಶುಕ್ರವಾರ 11:30ರ ನಂತರ ಬಂದದ್ದಕ್ಕೆ ಉತ್ತರ ಸೋಮವಾರ ಬೆಳಿಗ್ಗೆ ನೀವು ಬರುವಷ್ಟರಲ್ಲಿ. ತುರ್ತು ಇದ್ದರೆ ಆನ್‌ಕಾಲ್ ನಂಬರ್. ಕೊನೆಗೆ ಒಂದು ಪ್ರಶ್ನೆ: ನಿಮ್ಮಲ್ಲಿ ಯಾರಿಗಾದರೂ ಇದರಿಂದ ತೊಂದರೆ ಆಗುವ ಕೆಲಸ ಇದೆಯಾ? ಈ ಪ್ರಶ್ನೆಗೆ ಬರುವ ಉತ್ತರದಿಂದ, ಯಾರೋ ಓದಿದ್ದಾರೆ ಅನ್ನುವುದು ನಿಮಗೆ ಗೊತ್ತಾಗುತ್ತದೆ.

ಬರೆಯುವಾಗ ಕೆಲವು ಪದಗಳನ್ನು ದೂರವಿಡಿ. ‘ಐಎಸ್‌ಟಿ’ ಅಂದರೆ ಐರ್ಲೆಂಡ್‌ನವರಿಗೂ ಇಸ್ರೇಲ್‌ನವರಿಗೂ ಅವರ ಸಮಯವೇ ನೆನಪಾಗುತ್ತದೆ. ‘ಸಿಎಸ್‌ಟಿ’ ಬೇಸಿಗೆಯಲ್ಲಿ ಬರೆದರೆ ತಪ್ಪು, ಆಗ ಅದು ಸಿಡಿಟಿ. ಸುಮ್ನೆ ‘ಶಿಕಾಗೋ ಸಮಯ’ ಅಂದರೆ ವರ್ಷಪೂರ್ತಿ ಸರಿ. ‘ಇಒಡಿ’ ಬೇಡವೇ ಬೇಡ. ಚಳಿಗಾಲದಲ್ಲಿ ನಿಮ್ಮ ಇಒಡಿ ಅವರ ಬೆಳಿಗ್ಗೆ 10, ಅವರ ಇಒಡಿ ನಿಮ್ಮ ಮರುದಿನ ಬೆಳಗಿನ ಜಾವ ನಾಲ್ಕೂವರೆ. ದಿನಾಂಕದಲ್ಲಿ ತಿಂಗಳ ಹೆಸರು ಬರೆಯಿರಿ. 04/05 ನಮಗೆ ಮೇ 4, ಅವರಿಗೆ ಏಪ್ರಿಲ್ 5.

ಉತ್ತರದ ಅವಧಿಯನ್ನು ಎಸ್‌ಒಡಬ್ಲ್ಯುಗೆ ಸೇರಿಸುವ ಮಾತು ಮಾತ್ರ ನೀವೇ ಮೇಲ್‌ನಲ್ಲಿ ಎತ್ತಬೇಡಿ. ಅಕೌಂಟ್ ಮ್ಯಾನೇಜರ್ ಎತ್ತಲಿ, ನಿಮ್ಮ ಎರಡು ವಾರದ ಶೀಟ್ ಅವರ ಕೈಯಲ್ಲಿರಲಿ. ‘ನಾಲ್ಕು ಬಿಸಿನೆಸ್ ಗಂಟೆ’ ಬದಲು ಶಿಕಾಗೋ ಗಡಿಯಾರದಲ್ಲಿ ಎರಡು ಸಾಲು ಕೇಳಿ: ಬೆಳಿಗ್ಗೆ 11:30ರೊಳಗೆ ಬಂದದ್ದಕ್ಕೆ ಅಂದೇ ಮಧ್ಯಾಹ್ನ 12ರೊಳಗೆ ಸರದಿಯವರಿಂದ ಮೊದಲ ಉತ್ತರ, ಆಮೇಲೆ ಬಂದದ್ದಕ್ಕೆ ಮರುದಿನ ಬೆಳಿಗ್ಗೆ 8ರೊಳಗೆ. ಕೊನೆಯ ಗಳಿಗೆಯಲ್ಲಿ ಬಂದದ್ದಕ್ಕೆ ಉತ್ತರಿಸಲು ಆ ಅರ್ಧ ಗಂಟೆ ಬೇಕಾಗುತ್ತದೆ. ಹಾಗಾಗಿ ಸರದಿಯವರು ನಮ್ಮ ರಾತ್ರಿ 11:30ಕ್ಕೆ ಮನೆಗೆ ಹೊರಡುವಂತೆ ಶಿಫ್ಟ್ ಲೆಕ್ಕ ಹಾಕಿ, ಇಲ್ಲವೇ ಆ ಎರಡು ಸಮಯವನ್ನು ಅರ್ಧರ್ಧ ಗಂಟೆ ಹಿಂದಕ್ಕೆ ತನ್ನಿ. ಕ್ಲೈಂಟ್ ಇನ್ನೂ ಜಾಸ್ತಿ ಕೇಳಿದರೆ ಕೇಳಲಿ. ಆಗ ಅದಕ್ಕೆ ಎಷ್ಟು ಜನ, ಎಷ್ಟು ದರ ಅನ್ನುವ ಮಾತು ಮೇಜಿನ ಮೇಲೆ ಬರುತ್ತದೆ. ಈಗ ಆ ವೆಚ್ಚವನ್ನೆಲ್ಲ ನಿಮ್ಮ ಹುಡುಗರು ರಾತ್ರಿ ಕೂತು ತುಂಬುತ್ತಿದ್ದಾರೆ.

ಈ ವಾರವೇ ಮಾಡಬಹುದಾದದ್ದು: ಟೂಲ್‌ನ ಎಸ್‌ಎಲ್‌ಎ ಕ್ಯಾಲೆಂಡರ್ ತೆರೆಸುವುದು, ಕಾಲ್‌ನ ಇನ್ವೈಟ್ ಝೋನ್ ನೋಡುವುದು, ಶೀಟ್ ಶುರು ಮಾಡುವುದು. ರಾತ್ರಿ 9:30ರ ನಂತರ ಸರದಿಯಲ್ಲಿ ಇಲ್ಲದವರು ಬರೆದ ಮೇಲ್‌ಗಳನ್ನು ಶೆಡ್ಯೂಲ್ ಸೆಂಡ್‌ಗೆ ಹಾಕಿ, ಮರುದಿನ ಮಧ್ಯಾಹ್ನ 12:30ಕ್ಕೆ ಹೋಗಲಿ. ಮೊದಲ ಒಂದೆರಡು ವಾರ ಶಿಕಾಗೋದಿಂದ ‘ಏನಾಯ್ತು?’ ಅಂತ ಫೋನ್ ಬರಬಹುದು. ಆ ಫೋನ್ ನೀವೇ ತೆಗೆದುಕೊಳ್ಳಿ, ಹುಡುಗರಿಗೆ ಬಿಡಬೇಡಿ.